ಸ್ಟಾಫ್ ನೊಟೇಶನ್ ಚಿತ್ರವನ್ನು ಓದುವ ಕ್ರಮ: ಕೀ ಸಿಗ್ನೇಚರ್, ಟೈಮ್ ಸಿಗ್ನೇಚರ್ ಮತ್ತು ಮೊದಲ ನಾಲ್ಕು ಬಾರ್‌ಗಳು

ಮೊಬೈಲ್‌ನಲ್ಲಿ ತೆಗೆದ ಸ್ಟಾಫ್ ನೊಟೇಶನ್ ಚಿತ್ರವೊಂದನ್ನು ಮುಂದಿಟ್ಟುಕೊಂಡು ಅದರ ಕೀ ಸಿಗ್ನೇಚರ್ ಯಾವುದು, ಟೈಮ್ ಸಿಗ್ನೇಚರ್ ಯಾವುದು, ನಿಲುವು ಗೆರೆಗಳು ಬೇರ್ಪಡಿಸುವ ಮೊದಲ ಕೆಲವು ಬಾರ್‌ಗಳಲ್ಲಿ ಯಾವ ಯಾವ ಸ್ವರಗಳಿವೆ ಎಂದು ಬರೆಯಲು ಕುಳಿತಾಗ, ದೊಡ್ಡ ತಪ್ಪುಗಳು ಸ್ವರಗಳನ್ನು ಎಣಿಸುವ ಹಂತದಲ್ಲಿ ಹುಟ್ಟುವುದಿಲ್ಲ. ಅವು ಅದಕ್ಕೂ ಮೊದಲು, ಸಾಲಿನ ಎಡತುದಿಯ ಎರಡು ಬೆರಳಗಲದ ಜಾಗದಲ್ಲಿ ಹುಟ್ಟುತ್ತವೆ. ಕ್ಲೆಫ್, ಕೀ ಸಿಗ್ನೇಚರ್, ಟೈಮ್ ಸಿಗ್ನೇಚರ್ ಮೂರೂ ಅಲ್ಲಿ ಒತ್ತೊತ್ತಾಗಿ ಇರುತ್ತವೆ. ಅವುಗಳಲ್ಲಿ ಒಂದನ್ನು ತಪ್ಪಾಗಿ ಓದಿದರೆ ಮುಂದಿನ ಪ್ರತಿಯೊಂದು ಸ್ವರವೂ ಅದೇ ತಪ್ಪನ್ನು ಹೊತ್ತುಕೊಂಡು ಬರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಆ ಜಾಗಕ್ಕೆ ಹೆಚ್ಚು ಸಮಯ ಕೊಟ್ಟಿದ್ದೇನೆ.

ವಿವರಣೆಗಾಗಿ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಅದು ಪಿಯಾನೋಗಾಗಿ ಬರೆದ ಒಂದು ಚಿಕ್ಕ ಅಭ್ಯಾಸದ ಮೊದಲ ಸಾಲು. ಮೇಲೆ ಬಲಗೈಗೆ ಐದು ಗೆರೆಗಳ ಒಂದು ಸ್ಟಾಫ್, ಕೆಳಗೆ ಎಡಗೈಗೆ ಇನ್ನೊಂದು ಸ್ಟಾಫ್, ಎರಡನ್ನೂ ಎಡಬದಿಯಲ್ಲಿ ಕೂಡಿಸುವ ಒಂದು ಬಾಗಿದ ಆವರಣ. ಗೆರೆಗಳನ್ನೂ ಗೆರೆಗಳ ನಡುವಿನ ಸಂದುಗಳನ್ನೂ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಎಣಿಸುವುದು ರೂಢಿ. ಇಲ್ಲಿಯೂ ಹಾಗೆಯೇ ಎಣಿಸಲಾಗಿದೆ.

ಮೊದಲು ಚಿತ್ರವನ್ನೇ ಪರೀಕ್ಷಿಸಿ

ಪುಸ್ತಕದ ಬಲಗಡೆಯ ಪುಟವನ್ನು ಚಿತ್ರ ತೆಗೆದಿದ್ದರೆ ಆ ಪುಟದ ಎಡತುದಿ ಬೈಂಡಿಂಗ್‌ನ ಕಡೆಗೆ ಇರುತ್ತದೆ. ಅಂದರೆ ನಮಗೆ ಅತ್ಯಂತ ಬೇಕಾದ ಕ್ಲೆಫ್ ಮತ್ತು ಕೀ ಸಿಗ್ನೇಚರ್ ಇರುವ ಭಾಗವೇ ಕಾಗದ ಒಳಕ್ಕೆ ಬಾಗಿ ನೆರಳು ಬೀಳುವ ಜಾಗದಲ್ಲಿ ಸಿಕ್ಕಿಕೊಂಡಿರುತ್ತದೆ. ಇಂತಹ ಚಿತ್ರ ಬಂದರೆ ಅದರಲ್ಲೇ ಕಣ್ಣು ಕಿರಿದು ಮಾಡಿಕೊಂಡು ಓದುವುದಕ್ಕಿಂತ, ಸಾಧ್ಯವಿದ್ದರೆ ಪುಟವನ್ನು ಕೈಯಿಂದ ಚಪ್ಪಟೆಯಾಗಿ ಒತ್ತಿ ಹಿಡಿದು, ಕ್ಯಾಮೆರಾವನ್ನು ನೇರವಾಗಿ ಮೇಲೆ ಹಿಡಿದು, ಆ ಎಡತುದಿಯನ್ನು ಮಾತ್ರ ಹತ್ತಿರದಿಂದ ಇನ್ನೊಮ್ಮೆ ತೆಗೆಯುವುದು ಒಳ್ಳೆಯದು. ಇಡೀ ಪುಟದ ಒಂದು ಚಿತ್ರಕ್ಕಿಂತ ಇಡೀ ಪುಟದ್ದೊಂದು, ಮೊದಲ ಸಾಲಿನದ್ದೊಂದು ಎಂದು ಎರಡು ಚಿತ್ರಗಳಿದ್ದರೆ ಕೆಲಸ ಬಹಳ ಹಗುರವಾಗುತ್ತದೆ. ಸಂದೇಶ ಕಳುಹಿಸುವ ಆ್ಯಪ್‌ಗಳು ಸಾಮಾನ್ಯವಾಗಿ ಚಿತ್ರವನ್ನು ಕುಗ್ಗಿಸಿಬಿಡುವುದರಿಂದ, ಬೇರೆಯವರಿಂದ ತರಿಸಿಕೊಳ್ಳುವಾಗ ಅದನ್ನು ಫೋಟೋ ಆಗಿ ಅಲ್ಲದೆ ಡಾಕ್ಯುಮೆಂಟ್ ಆಗಿ ಕಳುಹಿಸಲು ಕೇಳಿಕೊಳ್ಳಬೇಕು.

ಚಿತ್ರ ಸಾಕಷ್ಟು ಸ್ಪಷ್ಟವಾಗಿದೆಯೇ ಎಂದು ತಿಳಿಯಲು ನಾನು ಒಂದೇ ಪರೀಕ್ಷೆಯನ್ನು ನಂಬುತ್ತೇನೆ. ಪುಟದಲ್ಲಿ ಎಲ್ಲಾದರೂ ಇರುವ, ಸ್ವರವನ್ನು ಅರ್ಧ ಸ್ವರ ಏರಿಸುವ ಶಾರ್ಪ್ ಅಥವಾ ಅಂತಹ ಬದಲಾವಣೆಯನ್ನು ರದ್ದು ಮಾಡುವ ನ್ಯಾಚುರಲ್ ಚಿಹ್ನೆಯನ್ನು ಹುಡುಕಿ ಹಿಗ್ಗಿಸಿ ನೋಡುತ್ತೇನೆ. ಶಾರ್ಪ್‌ನಲ್ಲಿ ಎರಡು ನಿಲುವು ಕಡ್ಡಿಗಳೂ ಮೇಲೆ ಕೆಳಗೆ ಎರಡೂ ಕಡೆ ಚಾಚಿಕೊಂಡಿರುತ್ತವೆ, ಅಡ್ಡಪಟ್ಟಿಗಳು ಎಡಕ್ಕೂ ಬಲಕ್ಕೂ ಹೊರಗೆ ಬಂದಿರುತ್ತವೆ. ನ್ಯಾಚುರಲ್‌ನಲ್ಲಿ ಎಡಗಡೆಯ ಕಡ್ಡಿ ಮೇಲಕ್ಕೆ ಮಾತ್ರ, ಬಲಗಡೆಯ ಕಡ್ಡಿ ಕೆಳಕ್ಕೆ ಮಾತ್ರ ಚಾಚಿರುತ್ತದೆ, ನಡುವೆ ಒಂದು ಮುಚ್ಚಿದ ಚೌಕ ಕಾಣುತ್ತದೆ. ಈ ಎರಡನ್ನು ಅನುಮಾನವಿಲ್ಲದೆ ಬೇರ್ಪಡಿಸಲು ಆದರೆ ಚಿತ್ರ ಓದಲು ಯೋಗ್ಯ. ಎರಡೂ ಒಂದೇ ಬಗೆಯ ಕಪ್ಪು ಗಂಟಿನಂತೆ ಕಂಡರೆ, ಸ್ವರಗಳ ಎತ್ತರವನ್ನು ಓದಬಹುದಾದರೂ ಅವುಗಳ ಚಿಹ್ನೆಗಳನ್ನು ಖಚಿತವಾಗಿ ಹೇಳಲು ಬರುವುದಿಲ್ಲ.

ಚಿತ್ರ ಓರೆಯಾಗಿದ್ದರೆ ಗ್ಯಾಲರಿಯ ಎಡಿಟ್ ಸೌಲಭ್ಯದಲ್ಲಿ ಅದನ್ನು ತಿರುಗಿಸಿ ಗೆರೆಗಳನ್ನು ಮಟ್ಟವಾಗಿ ಮಾಡಿಕೊಳ್ಳಿ. ಕಾಗದವೇ ಬಾಗಿದ್ದರೆ ತಿರುಗಿಸಿ ಪ್ರಯೋಜನವಿಲ್ಲ. ಆಗ ಪಾಲಿಸಬೇಕಾದ ನಿಯಮವೆಂದರೆ, ಎಡತುದಿಯಿಂದ ಗೆರೆಯೊಂದನ್ನು ಕಣ್ಣಿನಲ್ಲೇ ಹಿಂಬಾಲಿಸಿಕೊಂಡು ಬರದೆ, ಪ್ರತಿ ಸ್ವರದ ಪಕ್ಕದಲ್ಲಿಯೇ ಐದು ಗೆರೆಗಳನ್ನು ಹೊಸದಾಗಿ ಎಣಿಸುವುದು. ಮೇಲೆ ಎರಡು, ಕೆಳಗೆ ಎರಡು ಗೆರೆಗಳಿರುವ ನಡುಗೆರೆಯನ್ನು ಮೊದಲು ಗುರುತಿಸಿ, ಅಲ್ಲಿಂದ ಸ್ವರದ ತಲೆ ಎಷ್ಟು ದೂರ ಎಂದು ನೋಡಿದರೆ ಒಂದು ಗೆರೆ ಹೆಚ್ಚುಕಡಿಮೆ ಆಗುವ ತಪ್ಪು ತಪ್ಪುತ್ತದೆ.

ಕ್ಲೆಫ್ ಓದದೆ ಸ್ವರದ ಹೆಸರನ್ನು ಹೇಳಬೇಡಿ

ಐದು ಗೆರೆಗಳಿಗೆ ತಮ್ಮದೇ ಆದ ಹೆಸರಿಲ್ಲ. ಹೆಸರು ಕೊಡುವುದು ಕ್ಲೆಫ್. ಟ್ರೆಬಲ್ ಕ್ಲೆಫ್‌ನ ಹೊಟ್ಟೆಯ ಸುರುಳಿ ಎರಡನೇ ಗೆರೆಯನ್ನು ಸುತ್ತಿಕೊಂಡಿರುತ್ತದೆ, ಆ ಗೆರೆ ಜಿ. ಬಾಸ್ ಕ್ಲೆಫ್‌ನ ಎರಡು ಚುಕ್ಕಿಗಳು ನಾಲ್ಕನೇ ಗೆರೆಯ ಮೇಲೊಂದು ಕೆಳಗೊಂದು ಕೂತಿರುತ್ತವೆ, ಆ ಗೆರೆ ಎಫ್. ಈ ಎರಡು ಗುರುತುಗಳು ಗೊತ್ತಿದ್ದರೆ ಉಳಿದ ಗೆರೆ, ಸಂದುಗಳನ್ನು ಎ, ಬಿ, ಸಿ, ಡಿ, ಇ, ಎಫ್, ಜಿ ಎಂಬ ಸರದಿಯಲ್ಲಿ ಮೇಲಕ್ಕೂ ಕೆಳಕ್ಕೂ ಎಣಿಸಿಕೊಂಡು ಹೋಗಬಹುದು. ಒಂದೇ ಹೆಸರಿನ ಸ್ವರ ಬೇರೆ ಬೇರೆ ಎತ್ತರದಲ್ಲಿ ಬರುವುದರಿಂದ ಹೆಸರಿನ ಜೊತೆಗೆ ಆಕ್ಟೇವ್‌ನ ಅಂಕಿಯನ್ನೂ ಬರೆಯುವುದು ಅನುಕೂಲ. ಪಿಯಾನೋದ ನಡುವಿನ ಸಿ ಸ್ವರವನ್ನು ಸಿ4 ಎನ್ನುತ್ತಾರೆ; ಅದು ಟ್ರೆಬಲ್ ಸ್ಟಾಫ್‌ನ ಕೆಳಗೆ ಒಂದು ಹೆಚ್ಚುವರಿ ಗೆರೆಯ ಮೇಲೆ, ಬಾಸ್ ಸ್ಟಾಫ್‌ನ ಮೇಲೆ ಒಂದು ಹೆಚ್ಚುವರಿ ಗೆರೆಯ ಮೇಲೆ ಬರುತ್ತದೆ. ಈ ಲೆಕ್ಕದಲ್ಲಿ ಟ್ರೆಬಲ್‌ನ ಎರಡನೇ ಗೆರೆ ಜಿ4, ಬಾಸ್‌ನ ನಾಲ್ಕನೇ ಗೆರೆ ಎಫ್3.

ಪಿಯಾನೋ ಪುಟದಲ್ಲಿ ಕೆಳಗಿನ ಸ್ಟಾಫ್‌ಗೆ ಬಾಸ್ ಕ್ಲೆಫ್ ಇದ್ದೇ ಇರುತ್ತದೆ ಎಂದು ಊಹಿಸುವ ಅಭ್ಯಾಸ ನನಗೂ ಇತ್ತು. ಒಮ್ಮೆ ಎಡತುದಿ ಕತ್ತರಿಸಿಹೋದ ಚಿತ್ರವೊಂದನ್ನು ಹಾಗೆ ಊಹಿಸಿಯೇ ಓದಿ ನಾಲ್ಕು ಬಾರ್‌ಗಳ ಎಡಗೈ ಸ್ವರಗಳನ್ನೆಲ್ಲ ಬರೆದುಕೊಟ್ಟೆ. ಪೂರ್ತಿ ಪುಟ ಕೈಗೆ ಬಂದಾಗ ನೋಡಿದರೆ ಎರಡು ಸ್ಟಾಫ್‌ಗಳಿಗೂ ಟ್ರೆಬಲ್ ಕ್ಲೆಫ್ ಇತ್ತು. ಬರೆದುಕೊಟ್ಟ ಎಡಗೈ ಸ್ವರಗಳಲ್ಲಿ ಒಂದೂ ಸರಿ ಇರಲಿಲ್ಲ. ಕ್ಲೆಫ್ ಕಾಣದ ಚಿತ್ರದಿಂದ ಸ್ವರಗಳ ಪಟ್ಟಿ ಮಾಡುವುದನ್ನು ಅಂದಿನಿಂದ ಬಿಟ್ಟಿದ್ದೇನೆ. ಕ್ಲೆಫ್ ಪ್ರತಿ ಸಾಲಿನ ಆರಂಭದಲ್ಲಿಯೂ ಮತ್ತೆ ಬರುವುದರಿಂದ, ಮೊದಲ ಸಾಲಿನಲ್ಲಿ ಕಾಣದಿದ್ದರೆ ಎರಡನೇ ಸಾಲನ್ನು ನೋಡಬಹುದು. ಆದರೆ ಎಡಗೈಗೆ ಕ್ಲೆಫ್ ಸಾಲಿನ ನಡುವೆಯೂ ಬದಲಾಗುವುದುಂಟು ಎಂಬುದನ್ನು ನೆನಪಿಟ್ಟುಕೊಂಡು, ನಡುವೆ ಚಿಕ್ಕ ಗಾತ್ರದ ಕ್ಲೆಫ್ ಏನಾದರೂ ಇದೆಯೇ ಎಂದು ಪರಿಶೀಲಿಸಬೇಕು. ಟ್ರೆಬಲ್ ಕ್ಲೆಫ್‌ನ ಕೆಳಗೆ ಪುಟ್ಟದಾಗಿ 8 ಎಂದು ಬರೆದಿದ್ದರೆ ಎಲ್ಲ ಸ್ವರಗಳೂ ಒಂದು ಆಕ್ಟೇವ್ ಕೆಳಗೆ ನುಡಿಯುತ್ತವೆ. ಚಿತ್ರದಲ್ಲಿ ಆ ಅಂಕಿ ಸುಲಭವಾಗಿ ಕಳೆದುಹೋಗುತ್ತದೆ.

ನಮ್ಮ ಉದಾಹರಣೆಯಲ್ಲಿ ಮೇಲೆ ಟ್ರೆಬಲ್, ಕೆಳಗೆ ಬಾಸ್ ಕ್ಲೆಫ್ ಇದೆ. ಸುರುಳಿಯೂ ಚುಕ್ಕಿಗಳೂ ಸ್ಪಷ್ಟವಾಗಿವೆ.

ಕೀ ಸಿಗ್ನೇಚರ್: ಚಿಹ್ನೆಗಳನ್ನು ಎಣಿಸಿದರೆ ಸಾಕು

ಕ್ಲೆಫ್‌ನ ಬಲಕ್ಕೆ ತಕ್ಷಣ ಬರುವ ಶಾರ್ಪ್‌ಗಳ ಅಥವಾ ಸ್ವರವನ್ನು ಅರ್ಧ ಸ್ವರ ಇಳಿಸುವ ಫ್ಲಾಟ್‌ಗಳ ಗುಂಪೇ ಕೀ ಸಿಗ್ನೇಚರ್. ಇಲ್ಲಿ ಮಸುಕಾದ ಚಿತ್ರವನ್ನು ಓದುವವರಿಗೆ ದೊಡ್ಡ ನೆರವಾಗುವ ಒಂದು ಸಂಗತಿಯಿದೆ: ಈ ಚಿಹ್ನೆಗಳು ಯಾವ ಕ್ರಮದಲ್ಲಿ ಬರಬೇಕು ಎಂಬುದು ನಿಶ್ಚಿತವಾಗಿದೆ. ಶಾರ್ಪ್‌ಗಳು ಎಫ್, ಸಿ, ಜಿ, ಡಿ, ಎ, ಇ, ಬಿ ಎಂಬ ಕ್ರಮದಲ್ಲಿಯೇ ಬರುತ್ತವೆ, ಫ್ಲಾಟ್‌ಗಳು ಅದಕ್ಕೆ ಸರಿಯಾಗಿ ತಿರುಗುಮುರುಗಾಗಿ ಬಿ, ಇ, ಎ, ಡಿ, ಜಿ, ಸಿ, ಎಫ್ ಎಂಬ ಕ್ರಮದಲ್ಲಿ ಬರುತ್ತವೆ. ಆದ್ದರಿಂದ ಪ್ರತಿಯೊಂದು ಚಿಹ್ನೆ ಯಾವ ಗೆರೆಯ ಮೇಲಿದೆ ಎಂದು ಬಿಡಿಸಿ ನೋಡುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಅವು ಶಾರ್ಪ್‌ಗಳೋ ಫ್ಲಾಟ್‌ಗಳೋ, ಒಟ್ಟು ಎಷ್ಟು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಉಳಿದುದೆಲ್ಲ ತಾನಾಗಿ ಸಿಗುತ್ತದೆ. ಆಕಾರ ಮಸುಕಾಗಿ ಶಾರ್ಪ್ ಯಾವುದು, ಫ್ಲಾಟ್ ಯಾವುದು ಎಂಬುದೇ ತಿಳಿಯದಿದ್ದರೆ ಗುಂಪಿನ ಮೊದಲ ಚಿಹ್ನೆಯ ಜಾಗವನ್ನು ನೋಡಿ. ಟ್ರೆಬಲ್‌ನಲ್ಲಿ ಶಾರ್ಪ್‌ಗಳ ಗುಂಪು ಅತಿ ಮೇಲಿನ ಗೆರೆಯಿಂದ ಶುರುವಾಗುತ್ತದೆ, ಫ್ಲಾಟ್‌ಗಳ ಗುಂಪು ನಡುಗೆರೆಯಿಂದ. ಬಾಸ್‌ನಲ್ಲಿ ಶಾರ್ಪ್‌ಗಳು ನಾಲ್ಕನೇ ಗೆರೆಯಿಂದ, ಫ್ಲಾಟ್‌ಗಳು ಎರಡನೇ ಗೆರೆಯಿಂದ ಶುರುವಾಗುತ್ತವೆ.

ಫ್ಲಾಟ್‌ನ ಜಾಗವನ್ನು ನೋಡುವಾಗ ಅದರ ಹೊಟ್ಟೆಯನ್ನು ಮಾತ್ರ ನೋಡಬೇಕು. ಉದ್ದನೆಯ ಕಡ್ಡಿ ಎರಡು ಸಂದುಗಳಷ್ಟು ಮೇಲಕ್ಕೆ ಹೋಗುವುದರಿಂದ ಕಣ್ಣು ಇಡೀ ಚಿಹ್ನೆಯ ನಡುಭಾಗಕ್ಕೆ ಹೋಗಿ, ಫ್ಲಾಟ್ ನಿಜಕ್ಕಿಂತ ಮೇಲಿದೆ ಎಂಬ ಭ್ರಮೆ ಹುಟ್ಟುತ್ತದೆ. ಕಲಿಯುವವರು ಬಿ ಫ್ಲಾಟ್ ಅನ್ನು ಸಿ ಎಂದೋ ಡಿ ಎಂದೋ ಓದುವುದು ಬಹುಪಾಲು ಈ ಕಾರಣದಿಂದಲೇ.

ಉದಾಹರಣೆಯ ಟ್ರೆಬಲ್ ಸ್ಟಾಫ್‌ನಲ್ಲಿ ಎರಡು ಚಿಹ್ನೆಗಳಿವೆ. ಮೊದಲನೆಯದರ ಹೊಟ್ಟೆ ನಡುಗೆರೆಯ ಮೇಲಿದೆ, ಎರಡನೆಯದರ ಹೊಟ್ಟೆ ನಾಲ್ಕನೇ ಸಂದಿನಲ್ಲಿದೆ. ಬಾಸ್ ಸ್ಟಾಫ್‌ನಲ್ಲಿಯೂ ಎರಡು ಚಿಹ್ನೆಗಳು, ಒಂದು ಎರಡನೇ ಗೆರೆಯ ಮೇಲೆ, ಇನ್ನೊಂದು ಮೂರನೇ ಸಂದಿನಲ್ಲಿ. ಎರಡೂ ಕಡೆ ಬಿ ಮತ್ತು ಇ ಎಂದೇ ಬರುವುದರಿಂದ ಓದಿದ್ದು ಸರಿ ಎಂದಾಯಿತು. ಪಿಯಾನೋ ಪುಟದಲ್ಲಿ ಒಂದೇ ಕೀ ಸಿಗ್ನೇಚರ್ ಎರಡು ಸಲ ಬರುವುದು ಹೀಗೆ ಒಂದಕ್ಕೊಂದು ಸಾಕ್ಷಿಯಾಗುತ್ತದೆ. ಮೇಲೆ ಎರಡು, ಕೆಳಗೆ ಮೂರು ಎಂದು ಕಂಡರೆ ಎರಡರಲ್ಲಿ ಒಂದು ಚಿತ್ರದ ದೋಷ. ಆಗ ಎರಡನೇ ಸಾಲಿನ ಎಡತುದಿಗೆ ಹೋಗಿ, ಏಕೆಂದರೆ ಕ್ಲೆಫ್‌ನಂತೆ ಕೀ ಸಿಗ್ನೇಚರ್ ಕೂಡ ಪ್ರತಿ ಸಾಲಿನಲ್ಲಿಯೂ ಮರಳಿ ಬರುತ್ತದೆ.

ಎರಡು ಫ್ಲಾಟ್ ಎಂಬುದು ಕಣ್ಣಿಗೆ ಕಂಡ ವಿಷಯ. ಅದು ಯಾವ ಕೀ ಎಂಬುದು ನಾವು ಮಾಡುವ ತೀರ್ಮಾನ. ಪಟ್ಟಿಯಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ ಬರೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಒಂದೇ ಕೀ ಸಿಗ್ನೇಚರ್ ಒಂದು ಮೇಜರ್ ಕೀಗೂ ಒಂದು ಮೈನರ್ ಕೀಗೂ ಸಲ್ಲುತ್ತದೆ. ಮೇಜರ್ ಕೀಯನ್ನು ಕಂಡುಹಿಡಿಯಲು, ಶಾರ್ಪ್‌ಗಳಿದ್ದರೆ ಕೊನೆಯ ಶಾರ್ಪ್‌ಗಿಂತ ಅರ್ಧ ಸ್ವರ ಮೇಲಿನದ್ದನ್ನು ತೆಗೆದುಕೊಳ್ಳಿ. ಫ್ಲಾಟ್‌ಗಳಿದ್ದರೆ ಕೊನೆಯಿಂದ ಎರಡನೆಯ ಫ್ಲಾಟ್‌ನ ಹೆಸರೇ ಕೀಯ ಹೆಸರು. ಒಂದೇ ಫ್ಲಾಟ್ ಇದ್ದಾಗ ಈ ಸೂತ್ರಕ್ಕೆ ಜಾಗವಿಲ್ಲ, ಅದು ಎಫ್ ಮೇಜರ್ ಎಂದು ನೆನಪಿಡಬೇಕು. ಏನೂ ಇಲ್ಲದಿದ್ದರೆ ಸಿ ಮೇಜರ್. ಇವಕ್ಕೆ ಜೋಡಿಯಾದ ಮೈನರ್ ಕೀ ಮೂರು ಅರ್ಧ ಸ್ವರಗಳಷ್ಟು ಕೆಳಗಿರುತ್ತದೆ. ಹೀಗೆ ಎರಡು ಫ್ಲಾಟ್‌ಗಳಿಗೆ ಬಿ ಫ್ಲಾಟ್ ಮೇಜರ್ ಅಥವಾ ಜಿ ಮೈನರ್ ಎಂಬ ಎರಡು ಉತ್ತರಗಳು ಬರುತ್ತವೆ. ಯಾವುದು ಎಂಬುದನ್ನು ಸ್ವರಗಳನ್ನು ಓದಿದ ಮೇಲೆ ತೀರ್ಮಾನಿಸೋಣ. ಈಗಲೇ ಒಂದನ್ನು ಆರಿಸಿಕೊಂಡರೆ ಮುಂದಿನ ಓದು ಆ ಆಯ್ಕೆಯ ಕಡೆಗೆ ವಾಲುತ್ತದೆ.

ಟೈಮ್ ಸಿಗ್ನೇಚರ್: ಒಂದೇ ಸಲ ಬರುವ ಅಂಕಿ

ಕೀ ಸಿಗ್ನೇಚರ್‌ನ ಬಲಕ್ಕೆ ಒಂದರ ಮೇಲೊಂದು ಇರುವ ಎರಡು ಅಂಕಿಗಳು ಟೈಮ್ ಸಿಗ್ನೇಚರ್. ಕೆಳಗಿನ ಅಂಕಿ ಯಾವ ನೋಟ್ ಅನ್ನು ಎಣಿಕೆಯ ಘಟಕವಾಗಿ ಹಿಡಿದಿದ್ದಾರೆ ಎಂದು ಹೇಳುತ್ತದೆ. 4 ಎಂದರೆ ಕ್ವಾರ್ಟರ್ ನೋಟ್, 8 ಎಂದರೆ ಎಯ್ತ್ ನೋಟ್, 2 ಎಂದರೆ ಹಾಫ್ ನೋಟ್. ಮೇಲಿನ ಅಂಕಿ ಅಂತಹವು ಒಂದು ಬಾರ್‌ನಲ್ಲಿ ಎಷ್ಟು ಎಂದು ಹೇಳುತ್ತದೆ. ಅಂಕಿಗಳ ಬದಲು ಇಂಗ್ಲಿಷಿನ ಸಿ ಅಕ್ಷರದಂತಹ ಚಿಹ್ನೆ ಇದ್ದರೆ ಅದು 4/4, ಅದರ ನಡುವೆ ಒಂದು ನಿಲುವು ಗೆರೆ ಹಾದುಹೋಗಿದ್ದರೆ 2/2. ಎರಡರಲ್ಲಿಯೂ ಬಾರ್‌ನ ಒಟ್ಟು ಅಳತೆ ಒಂದೇ ಆಗಿರುವುದರಿಂದ ಎಣಿಕೆಯಿಂದ ಇವನ್ನು ಬೇರ್ಪಡಿಸಲಾಗದು, ಆ ನಿಲುವು ಗೆರೆಯನ್ನು ಕಣ್ಣಾರೆ ನೋಡಿಯೇ ಹೇಳಬೇಕು.

ಕ್ಲೆಫ್ ಮತ್ತು ಕೀ ಸಿಗ್ನೇಚರ್‌ಗೆ ಇದ್ದ ಅನುಕೂಲ ಟೈಮ್ ಸಿಗ್ನೇಚರ್‌ಗೆ ಇಲ್ಲ. ಅದು ರಚನೆಯ ಆರಂಭದಲ್ಲಿ ಮತ್ತು ಬದಲಾದಾಗ ಮಾತ್ರ ಬರುತ್ತದೆ, ಮುಂದಿನ ಸಾಲುಗಳಲ್ಲಿ ಪುನರಾವರ್ತನೆಯಾಗುವುದಿಲ್ಲ. ಚಿತ್ರದಲ್ಲಿ ಇರುವುದು ರಚನೆಯ ಎರಡನೆಯ ಪುಟವಾಗಿದ್ದರೆ ಅದು ಕಾಣಿಸದಿರುವುದು ಸಹಜ. ಆಗ ಒಂದು ಪೂರ್ಣ ಬಾರ್‌ನಲ್ಲಿರುವ ನೋಟ್‌ಗಳ ಅಳತೆಯನ್ನು ಕೂಡಿಸಿ ಉತ್ತರ ಪಡೆಯಬೇಕು. 3/4 ಮತ್ತು 6/8 ಎರಡಕ್ಕೂ ಮೊತ್ತ ಒಂದೇ ಬರುತ್ತದೆ; ಅಲ್ಲಿ ಎಯ್ತ್ ನೋಟ್‌ಗಳನ್ನು ಕೂಡಿಸುವ ದಪ್ಪ ಅಡ್ಡಪಟ್ಟಿಯನ್ನು ಗಮನಿಸಿ. ಮೂರು ಮೂರಾಗಿ ಕಟ್ಟಿದ್ದರೆ 6/8 ಇರುವ ಸಂಭವ ಹೆಚ್ಚು, ಎರಡೆರಡಾಗಿಯೋ ಆರೂ ಒಟ್ಟಿಗೋ ಇದ್ದರೆ 3/4 ಇರುವ ಸಂಭವ ಹೆಚ್ಚು.

ನಮ್ಮ ಚಿತ್ರದಲ್ಲಿ ಕೆಳಗಿನ ಅಂಕಿ 4 ಎಂದು ಸ್ಪಷ್ಟ. ಮೇಲಿನದು 3 ಇರಬಹುದು, 2 ಕೂಡ ಇರಬಹುದು, ಏಕೆಂದರೆ ಸ್ಟಾಫ್‌ನ ಗೆರೆ ಅಂಕಿಯ ನಡುವೆ ಹಾದು ಅದರ ತಿರುವನ್ನು ಮುಚ್ಚಿದೆ. ಇದನ್ನು 3/4 ಎಂದು ತಾತ್ಕಾಲಿಕವಾಗಿ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಬಾರ್‌ಗಳೇ ತೀರ್ಪು ಕೊಡಲಿ.

ಬಾರ್‌ಗಳನ್ನು ಓದುವುದು: ಎರಡು ಸುತ್ತು

ಪ್ರತಿ ಬಾರ್ ಅನ್ನು ಎರಡು ಸುತ್ತುಗಳಲ್ಲಿ ಓದುವುದು ಕ್ಷೇಮ. ಮೊದಲ ಸುತ್ತಿನಲ್ಲಿ ತಲೆ ಯಾವ ಗೆರೆ ಅಥವಾ ಸಂದಿನಲ್ಲಿದೆ ಎಂದು ಮಾತ್ರ ಬರೆಯಿರಿ, ಶಾರ್ಪ್ ಫ್ಲಾಟ್‌ಗಳ ಗೋಜಿಗೆ ಹೋಗಬೇಡಿ. ಎರಡನೇ ಸುತ್ತಿನಲ್ಲಿ ಕೀ ಸಿಗ್ನೇಚರ್ ಮತ್ತು ಬಾರ್‌ನೊಳಗಿನ ಚಿಹ್ನೆಗಳನ್ನು ಅನ್ವಯಿಸಿ. ಎರಡನ್ನೂ ಒಟ್ಟಿಗೆ ಮಾಡಲು ಹೊರಟಾಗ ಸಾಲಿನ ಆರಂಭದ ಫ್ಲಾಟ್ ಮರೆಯುವುದು ಸಾಮಾನ್ಯ.

ಬಲಗೈ ಸ್ಟಾಫ್‌ನಲ್ಲಿ ಮೊದಲ ನಿಲುವು ಗೆರೆಗೂ ಮುಂಚೆ ಒಂದೇ ಒಂದು ಕಪ್ಪು ತಲೆಯ ಸ್ವರವಿದೆ, ಅದು ಮೊದಲ ಗೆರೆಯ ಕೆಳಗೆ ತಾಗಿಕೊಂಡಿದೆ. ಅಂದರೆ ಡಿ4, ಒಂದು ಕ್ವಾರ್ಟರ್ ನೋಟ್, ಒಂದು ಎಣಿಕೆ. ಇದು ಪೂರ್ಣ ಬಾರ್ ಅಲ್ಲ, ರಚನೆ ಎಣಿಕೆಯ ಕೊನೆಯಿಂದ ಶುರುವಾಗುವ ಪಿಕಪ್. ಬಾರ್‌ಗಳ ಸಂಖ್ಯೆಯನ್ನು ಎಣಿಸುವಾಗ ಪಿಕಪ್ ಅನ್ನು ಬಿಟ್ಟು, ಅದರ ನಂತರದ ಮೊದಲ ಪೂರ್ಣ ಬಾರ್ ಅನ್ನು 1 ಎಂದು ಕರೆಯುವುದು ಮುದ್ರಿತ ಪುಟಗಳ ರೂಢಿ. ಪಿಕಪ್ ಅನ್ನೇ ಬಾರ್ 1 ಎಂದು ಎಣಿಸಿದರೆ ಪಟ್ಟಿಯೂ ಪುಸ್ತಕವೂ ಒಂದೊಂದು ಬಾರ್ ಹಿಂದುಮುಂದಾಗುತ್ತವೆ. ಟೈಮ್ ಸಿಗ್ನೇಚರ್ ಅನ್ನು ಪರೀಕ್ಷಿಸಲು ಈ ತುಂಡು ಬಾರ್ ಅನ್ನು ಎಂದೂ ಬಳಸಬಾರದು.

ಬಾರ್ 1ರಲ್ಲಿ ಎರಡು ಸ್ವರಗಳು. ಒಂದು ಎರಡನೇ ಗೆರೆಯ ಮೇಲೆ, ಜಿ4. ಇನ್ನೊಂದು ಎರಡನೇ ಸಂದಿನಲ್ಲಿ, ಎ4. ಚಿತ್ರದಲ್ಲಿ ಎರಡರ ತಲೆಯೂ ಕಪ್ಪಾಗಿಯೇ ಕಾಣುತ್ತದೆ. ಎರಡೂ ಕ್ವಾರ್ಟರ್ ನೋಟ್ ಎಂದಿಟ್ಟುಕೊಂಡರೆ ಬಾರ್‌ನ ಮೊತ್ತ ಎರಡು ಆಗುತ್ತದೆ, ಅಂಕಿ 2/4 ಇರಬಹುದೆಂಬ ಅನುಮಾನಕ್ಕೆ ಇದು ಬಲ ಕೊಡುತ್ತದೆ. ಇಲ್ಲಿ ಆತುರಪಡಬಾರದು. ಹಾಫ್ ನೋಟ್‌ನ ತಲೆ ಟೊಳ್ಳು. ಅದು ಗೆರೆಯ ಮೇಲೆ ಕುಳಿತಾಗ ಸ್ಟಾಫ್‌ನ ಗೆರೆ ಆ ಟೊಳ್ಳಿನ ನಡುವೆಯೇ ಹಾದುಹೋಗುತ್ತದೆ, ಕಡಿಮೆ ಸ್ಪಷ್ಟತೆಯ ಚಿತ್ರದಲ್ಲಿ ಇಡೀ ತಲೆ ಕಪ್ಪಾಗಿ ಕಾಣುತ್ತದೆ. ಸಂದಿನಲ್ಲಿರುವ ಟೊಳ್ಳು ತಲೆಗೆ ಈ ತೊಂದರೆ ಅಷ್ಟಾಗಿ ಇಲ್ಲ. ಹಾಗಾಗಿ ಗೆರೆಯ ಮೇಲಿನ ಜಿ4 ಬಗ್ಗೆ ಅನುಮಾನ ಉಳಿಸಿಕೊಂಡು ಮುಂದೆ ಹೋಗೋಣ.

ಬಾರ್ 2ರಲ್ಲಿ ಮೂರು ಸ್ವರಗಳು: ನಡುಗೆರೆಯ ಮೇಲೊಂದು ಕಪ್ಪು ತಲೆ, ಅದರ ಬಲಕ್ಕೆ ಒಂದು ಚುಕ್ಕಿ, ನಂತರ ಎರಡನೇ ಸಂದಿನಲ್ಲಿ ಕಡ್ಡಿಗೆ ಬಾಲವಿರುವ ಒಂದು ಎಯ್ತ್ ನೋಟ್, ಕೊನೆಗೆ ಎರಡನೇ ಗೆರೆಯ ಮೇಲೆ ಕ್ವಾರ್ಟರ್ ನೋಟ್. ಆ ಚುಕ್ಕಿ ನಿಜವಾದದ್ದೋ ಕಾಗದದ ಮೇಲಿನ ಕಲೆಯೋ ಎಂಬುದು ಇಲ್ಲಿನ ಪ್ರಶ್ನೆ. ನೋಟ್‌ನ ಬಲಕ್ಕೆ ಬರುವ ಚುಕ್ಕಿ ಅದರ ಅಳತೆಯನ್ನು ಅರ್ಧದಷ್ಟು ಹೆಚ್ಚಿಸುತ್ತದೆ. ತಲೆಯ ನೇರ ಮೇಲೆ ಅಥವಾ ಕೆಳಗೆ ಬರುವ ಚುಕ್ಕಿ ಬಿಡಿಬಿಡಿಯಾಗಿ ನುಡಿಸಬೇಕೆಂಬ ಸೂಚನೆಯಷ್ಟೇ, ಅಳತೆಗೆ ಸಂಬಂಧಿಸಿದ್ದಲ್ಲ. ಗೆರೆಯ ಮೇಲಿನ ನೋಟ್‌ಗೆ ಅಳತೆಯ ಚುಕ್ಕಿ ಹಾಕುವಾಗ ಮುದ್ರಕರು ಅದನ್ನು ಗೆರೆಯ ಮೇಲೆ ಇಡದೆ, ಕಾಣಿಸಲೆಂದು ಸಾಮಾನ್ಯವಾಗಿ ಮೇಲಿನ ಸಂದಿನಲ್ಲಿ ಇಡುತ್ತಾರೆ. ನಮ್ಮ ಚಿತ್ರದಲ್ಲಿ ಚುಕ್ಕಿ ಮೂರನೇ ಸಂದಿನಲ್ಲಿಯೇ ಇದೆ, ಅಂದರೆ ಅದು ಇರಬೇಕಾದ ಜಾಗದಲ್ಲಿದೆ. ಈಗ ಕೂಡಿಸಿ: ಒಂದೂವರೆ, ಅರ್ಧ, ಒಂದು, ಒಟ್ಟು ಮೂರು. ಚುಕ್ಕಿಯನ್ನು ಕಲೆ ಎಂದು ತಳ್ಳಿಹಾಕಿದ್ದರೆ ಎರಡೂವರೆ ಆಗುತ್ತಿತ್ತು, ಅದು 2/4ಕ್ಕೂ ಹೊಂದುವುದಿಲ್ಲ, 3/4ಕ್ಕೂ ಹೊಂದುವುದಿಲ್ಲ. ಹೀಗೆ ಚುಕ್ಕಿಯೂ ನಿಜ, 3/4 ಎಂಬುದೂ ನಿಜ ಎಂದು ಒಟ್ಟಿಗೆ ಸ್ಥಿರವಾಯಿತು. ಬಾರ್ 1ರ ಜಿ4 ಹಾಫ್ ನೋಟ್ ಎಂಬುದೂ ಇದರಿಂದಲೇ ತಿಳಿಯಿತು, ಎರಡು ಮತ್ತು ಒಂದು ಮೂರು.

ಎರಡನೇ ಸುತ್ತಿನಲ್ಲಿ ನಡುಗೆರೆಯ ಬಿ4 ಕೀ ಸಿಗ್ನೇಚರ್‌ನ ಕಾರಣ ಬಿ ಫ್ಲಾಟ್ 4 ಆಗುತ್ತದೆ. ಆ ಸ್ವರದ ಪಕ್ಕದಲ್ಲಿ ಯಾವ ಚಿಹ್ನೆಯೂ ಇಲ್ಲ, ಇರಬೇಕಾಗಿಯೂ ಇಲ್ಲ. ಕೀ ಸಿಗ್ನೇಚರ್‌ನ ಆಜ್ಞೆ ಎಲ್ಲ ಆಕ್ಟೇವ್‌ಗಳ ಆ ಹೆಸರಿನ ಸ್ವರಗಳಿಗೂ ಅನ್ವಯಿಸುತ್ತದೆ.

ಬಾರ್ 3 ಈ ಸಾಲಿನ ಸೂಕ್ಷ್ಮವಾದ ಜಾಗ. ಮೂರು ಕ್ವಾರ್ಟರ್ ನೋಟ್‌ಗಳಿವೆ: ಮೊದಲ ಸಂದಿನಲ್ಲಿ ಒಂದು, ಮೊದಲ ಗೆರೆಯ ಕೆಳಗೆ ಒಂದು, ಮತ್ತೆ ಮೊದಲ ಸಂದಿನಲ್ಲಿ ಒಂದು. ಎಫ್4, ಡಿ4, ಎಫ್4. ಮೊದಲನೆಯ ಎಫ್‌ನ ಎಡಕ್ಕೆ ಒಂದು ಶಾರ್ಪ್ ಇದೆ, ಮೂರನೆಯದರ ಎಡಕ್ಕೆ ಏನೂ ಇಲ್ಲ. ಬಾರ್‌ನೊಳಗೆ ಬರುವ ಇಂತಹ ಚಿಹ್ನೆ ಅದೇ ಗೆರೆ ಅಥವಾ ಸಂದಿನಲ್ಲಿ ಬಾರ್ ಮುಗಿಯುವವರೆಗೂ ಜಾರಿಯಲ್ಲಿರುತ್ತದೆ, ಆದ್ದರಿಂದ ಮೂರನೆಯ ಸ್ವರವೂ ಎಫ್ ಶಾರ್ಪ್ 4. ಇದನ್ನು ಬರಿಯ ಎಫ್ ಎಂದು ಬರೆಯುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು. ಕೀ ಸಿಗ್ನೇಚರ್‌ಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು: ಈ ಶಾರ್ಪ್ ಬೇರೆ ಆಕ್ಟೇವ್‌ನ ಎಫ್‌ಗೆ ತಾನಾಗಿ ಅನ್ವಯಿಸುವುದಿಲ್ಲ, ಮುಂದಿನ ನಿಲುವು ಗೆರೆ ದಾಟಿದೊಡನೆ ರದ್ದಾಗುತ್ತದೆ. ಒಂದು ಸ್ವರವನ್ನು ಟೈ ಎಂಬ ಬಾಗಿದ ಗೆರೆ ಮುಂದಿನ ಬಾರ್‌ನ ಅದೇ ಸ್ವರಕ್ಕೆ ಕೂಡಿಸಿದ್ದರೆ ಮಾತ್ರ, ಆ ಕೂಡಿದ ಸ್ವರ ಮುಗಿಯುವವರೆಗೆ ಅದು ಉಳಿಯುತ್ತದೆ.

ಬಾರ್ 4ರಲ್ಲಿ ಒಂದೇ ಸ್ವರ, ಎರಡನೇ ಗೆರೆಯ ಮೇಲೆ ಟೊಳ್ಳು ತಲೆ, ಪಕ್ಕದಲ್ಲಿ ಚುಕ್ಕಿ. ಜಿ4, ಡಾಟೆಡ್ ಹಾಫ್ ನೋಟ್, ಮೂರು ಎಣಿಕೆ.

ಎಡಗೈಯಲ್ಲಿ ಪಿಕಪ್‌ನ ಜಾಗದಲ್ಲಿ ಕ್ವಾರ್ಟರ್ ರೆಸ್ಟ್ ಇದೆ, ನಂತರ ಪ್ರತಿ ಬಾರ್‌ನಲ್ಲಿ ಒಂದೊಂದು ಡಾಟೆಡ್ ಹಾಫ್ ನೋಟ್: ನಾಲ್ಕನೇ ಸಂದು, ಮೂರನೇ ಸಂದು, ಮೂರನೇ ಗೆರೆ, ಮೊದಲ ಗೆರೆ. ಬಾಸ್ ಕ್ಲೆಫ್‌ನಲ್ಲಿ ಇವು ಜಿ3, ಇ3, ಡಿ3, ಜಿ2. ಎರಡನೇ ಸುತ್ತಿನಲ್ಲಿ ಇ3 ಎಂಬುದು ಇ ಫ್ಲಾಟ್ 3 ಆಗುತ್ತದೆ. ಟ್ರೆಬಲ್ ಓದಿ ಮುಗಿಸಿದ ಕಣ್ಣು ಅದೇ ಗುಂಗಿನಲ್ಲಿ ಕೆಳಗಿಳಿದರೆ ಈ ಮೊದಲ ಗೆರೆಯನ್ನು ಇ ಎಂದು ಓದಿಬಿಡುತ್ತದೆ. ಪ್ರತಿ ಬಾರ್‌ಗೂ ನಾಲ್ಕನೇ ಗೆರೆಯ ಎಫ್‌ನಿಂದ ಎಣಿಸಿದರೆ ಇದು ತಪ್ಪುತ್ತದೆ.

ಈಗ ಕೀಯ ಪ್ರಶ್ನೆಗೆ ಮರಳಬಹುದು. ಬಿ ಫ್ಲಾಟ್ ಮೇಜರ್ ಆಗಿದ್ದರೆ ಎಫ್ ಅನ್ನು ಶಾರ್ಪ್ ಮಾಡಲು ವಿಶೇಷ ಕಾರಣ ಬೇಕಾಗುತ್ತಿತ್ತು. ಜಿ ಮೈನರ್‌ನಲ್ಲಾದರೋ ಏಳನೆಯ ಸ್ವರವಾದ ಎಫ್ ಅನ್ನು ಅರ್ಧ ಸ್ವರ ಏರಿಸಿ ಜಿ ಕಡೆಗೆ ಎಳೆಯುವುದು ಅತಿ ಸಾಮಾನ್ಯ. ಬಾರ್ 3ರ ಎಫ್ ಶಾರ್ಪ್ ಬಾರ್ 4ರ ಜಿಗೆ ಸೇರುತ್ತದೆ, ಎಡಗೈ ಕೂಡ ಡಿಯಿಂದ ಜಿಗೆ ಇಳಿಯುತ್ತದೆ. ಆದ್ದರಿಂದ ಜಿ ಮೈನರ್ ಎಂಬ ತೀರ್ಮಾನಕ್ಕೆ ಬಲವಾದ ಆಧಾರವಿದೆ. ರಚನೆಯ ಕೊನೆಯ ಬಾರ್ ಚಿತ್ರದಲ್ಲಿದ್ದರೆ ಅಲ್ಲಿನ ಅತಿ ಕೆಳಗಿನ ಸ್ವರವನ್ನೂ ನೋಡಿ ದೃಢಪಡಿಸಿಕೊಳ್ಳಿ.

ಪಟ್ಟಿಯನ್ನು ನಾನು ಬರೆಯುವುದು ಹೀಗೆ:

ಕ್ಲೆಫ್: ಬಲಗೈ ಟ್ರೆಬಲ್, ಎಡಗೈ ಬಾಸ್.
ಕೀ ಸಿಗ್ನೇಚರ್: ಎರಡು ಫ್ಲಾಟ್, ಬಿ ಮತ್ತು ಇ. ತೀರ್ಮಾನ: ಜಿ ಮೈನರ್, ಬಾರ್ 3ರ ಎಫ್ ಶಾರ್ಪ್ ಆಧಾರ.
ಟೈಮ್ ಸಿಗ್ನೇಚರ್: 3/4, ಮೇಲಿನ ಅಂಕಿ ಮಸುಕು, ಬಾರ್ 2ರ ಮೊತ್ತದಿಂದ ಖಚಿತ.
ಪಿಕಪ್: ಬಲಗೈ ಡಿ4 ಕ್ವಾರ್ಟರ್, ಎಡಗೈ ಕ್ವಾರ್ಟರ್ ರೆಸ್ಟ್.
ಬಾರ್ 1: ಬಲಗೈ ಜಿ4 ಹಾಫ್, ಎ4 ಕ್ವಾರ್ಟರ್, ಎಡಗೈ ಜಿ3 ಡಾಟೆಡ್ ಹಾಫ್.
ಬಾರ್ 2: ಬಲಗೈ ಬಿ ಫ್ಲಾಟ್ 4 ಡಾಟೆಡ್ ಕ್ವಾರ್ಟರ್, ಎ4 ಎಯ್ತ್, ಜಿ4 ಕ್ವಾರ್ಟರ್, ಎಡಗೈ ಇ ಫ್ಲಾಟ್ 3 ಡಾಟೆಡ್ ಹಾಫ್.
ಬಾರ್ 3: ಬಲಗೈ ಎಫ್ ಶಾರ್ಪ್ 4, ಡಿ4, ಎಫ್ ಶಾರ್ಪ್ 4, ಮೂರೂ ಕ್ವಾರ್ಟರ್, ಎಡಗೈ ಡಿ3 ಡಾಟೆಡ್ ಹಾಫ್.
ಬಾರ್ 4: ಬಲಗೈ ಜಿ4 ಡಾಟೆಡ್ ಹಾಫ್; ಎಡಗೈ ಜಿ2 ಡಾಟೆಡ್ ಹಾಫ್.

ಈ ಹಾಳೆ ಪಿಯಾನೋದ್ದಾದ್ದರಿಂದ ಬರೆದ ಸ್ವರವೇ ನುಡಿಯುವ ಸ್ವರ. ಬಿ ಫ್ಲಾಟ್ ಕ್ಲಾರಿನೆಟ್ ಅಥವಾ ಟ್ರಂಪೆಟ್‌ಗಾಗಿ ಬರೆದ ಹಾಳೆಯಾಗಿದ್ದರೆ ನುಡಿಯುವುದು ಬರೆದದ್ದಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ. ಹಾಳೆಯ ಮೇಲ್ತುದಿಯಲ್ಲಿ ವಾದ್ಯದ ಹೆಸರಿದ್ದರೆ ಅದನ್ನೂ ಪಟ್ಟಿಯಲ್ಲಿ ಸೇರಿಸಿ, ಇರುವುದು ಬರೆದ ಸ್ವರಗಳೆಂದು ನಮೂದಿಸಿ.

ಎಣಿಕೆಯ ಮೊತ್ತ ಅಳತೆಯ ತಪ್ಪುಗಳನ್ನು ಮಾತ್ರ ಹಿಡಿಯುತ್ತದೆ ಎಂಬ ಮಿತಿಯನ್ನು ಮರೆಯಬಾರದು. ಎ4 ಅನ್ನು ಜಿ4 ಎಂದು ಓದಿದರೂ ಮೊತ್ತ ಮೂರೇ ಬರುತ್ತದೆ. ಸ್ವರದ ಎತ್ತರದ ಬಗ್ಗೆ ಅನುಮಾನವಿದ್ದಾಗ ಕಿವಿಗೆ ಹಿತವಾದದ್ದನ್ನು ಆರಿಸಿಕೊಳ್ಳುವ ಆಸೆ ಬರುತ್ತದೆ, ಆದರೆ ಕಿವಿ ತನಗೆ ಪರಿಚಿತವಾದದ್ದನ್ನೇ ಆರಿಸುತ್ತದೆ, ಬರೆದವರು ಬೇಕೆಂದೇ ಇಟ್ಟ ಅಪರೂಪದ ಸ್ವರವನ್ನು ತಿದ್ದಿಬಿಡುತ್ತದೆ. ಅಂತಹ ಸ್ವರದ ಜಾಗದಲ್ಲಿ ಕಾಣುವ ಎರಡು ಸಾಧ್ಯತೆಗಳನ್ನೂ, ಉದಾಹರಣೆಗೆ ಜಿ4 ಅಥವಾ ಎ4 ಎಂದು, ಬರೆದಿಟ್ಟು, ಆ ಒಂದು ಬಾರ್‌ನ ಹತ್ತಿರದ ಚಿತ್ರವನ್ನು ಮತ್ತೊಮ್ಮೆ ತೆಗೆಯಿರಿ ಅಥವಾ ತರಿಸಿಕೊಳ್ಳಿ. ಅದು ಬರುವವರೆಗೆ ಎರಡೂ ಹೆಸರುಗಳು ಪಟ್ಟಿಯಲ್ಲಿ ಹಾಗೆಯೇ ಇರಲಿ.